503ರಲ್ಲಿ 287 ಕಳೆದರೆ 384: ಒಬ್ಬ ಶಿಕ್ಷಕಿಯ ಕೃತಿಸಂಪುಟ ಸಿದ್ಧವಾದ ಬಗೆ

ಬೇಸಿಗೆ ರಜೆಯ ಒಂದು ಮಧ್ಯಾಹ್ನ ನಮ್ಮ ಕ್ಲಸ್ಟರಿನ ಒಬ್ಬ ಶಿಕ್ಷಕಿ ಮೂರು ಬಾಕ್ಸ್ ಫೈಲು ಹೊತ್ತುಕೊಂಡು ಬಂದರು. ಹದಿನಾಲ್ಕು ವರ್ಷದ ಸೇವೆ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಐದನೇ ತರಗತಿಗೆ ಗಣಿತ ಮತ್ತು ಪರಿಸರ ಅಧ್ಯಯನ. ನಾನು ಆಗ ಆ ಕ್ಲಸ್ಟರಿನ ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳಿಗೆ ಭೇಟಿ ಕೊಟ್ಟು ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ. ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿಗೆ 2018ರಿಂದ ಶಿಕ್ಷಕರು ತಾವೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಅರ್ಜಿಯ ಜೊತೆ ಪೋರ್ಟ್‌ಫೋಲಿಯೊ, ಅಂದರೆ ತಮ್ಮ ಕೆಲಸಕ್ಕೆ ಸಾಕ್ಷಿಯಾದವನ್ನು ಜೋಡಿಸಿದ ಕೃತಿಸಂಪುಟ ಕೊಡಬೇಕು. ಕೊಟ್ಟದ್ದೆಲ್ಲ ನಿಜ, ಮುಂದೆ ಸುಳ್ಳೆಂದು ಕಂಡುಬಂದರೆ ಶಿಸ್ತು ಕ್ರಮಕ್ಕೆ ಒಳಪಡುತ್ತೇನೆ ಎಂದು ಮುಚ್ಚಳಿಕೆಯನ್ನೂ ಬರೆದುಕೊಡಬೇಕು. ಅದಕ್ಕೆಂದೇ ಅವರು ಆ ಫೈಲುಗಳನ್ನು ಜೋಡಿಸಿದ್ದರು. "ಇದರಲ್ಲಿ ಯಾವ್ದು ಹಾಕ್ಲಿ, ಯಾವ್ದು ಬಿಡ್ಲಿ ಹೇಳಿ ಸರ್," ಎಂದರು.

ಮಕ್ಕಳ ಕೃತಿಸಂಪುಟ ನಮಗೆ ಹೊಸದಲ್ಲ. ವರ್ಷವಿಡೀ ಮಕ್ಕಳ ಕಲಿಕೆಯನ್ನು ಅಳೆಯುವ ಸಿಸಿಇ ಪದ್ಧತಿ ಬಂದಾಗಿನಿಂದ ಪ್ರತಿ ಮಗುವಿಗೂ ಒಂದೊಂದು ಇಟ್ಟಿದ್ದೇವೆ. ಶಿಕ್ಷಕರ ಕೃತಿಸಂಪುಟ ಮಾತ್ರ ಹೆಚ್ಚಿನವರಿಗೆ ಪ್ರಮಾಣಪತ್ರಗಳ ಗಂಟು ಎಂದೇ ಗೊತ್ತು. ನನಗೂ ಅಷ್ಟೇ ಗೊತ್ತಿದ್ದದ್ದು. ಇಲ್ಲಿ ಬರೆಯುತ್ತಿರುವುದರಲ್ಲಿ ಅರ್ಧ ಅವರ ಜೊತೆ ಕೂತು ನಾನೇ ಕಲಿತದ್ದು.

ಮೂರೂ ಫೈಲನ್ನು ಜಮಖಾನದ ಮೇಲೆ ಸುರಿದು ಗುಡ್ಡೆ ಮಾಡತೊಡಗಿದೆವು. ತರಗತಿಯ ದಿನನಿತ್ಯದ ಕೆಲಸದಲ್ಲಿ ತಾನಾಗಿ ಹುಟ್ಟಿದವು ಒಂದು ಗುಡ್ಡೆ: ಪಾಠ ಯೋಜನೆ, ಮಕ್ಕಳ ಹಾಳೆ, ಪ್ರಶ್ನೆಪತ್ರಿಕೆ. ಫೈಲಿಗೆ ಹಿಡಿಸದ ವಸ್ತು, ಘಟನೆಗಳ ಫೋಟೊ ಎರಡನೆಯದು. ಬೇರೆಯವರು ಇವರ ಬಗ್ಗೆ ಕೊಟ್ಟ ಕಾಗದ, ಅಂದರೆ ಪ್ರಮಾಣಪತ್ರ, ಅಭಿನಂದನಾ ಪತ್ರ, ಪತ್ರಿಕೆಯ ತುಣುಕು ಮೂರನೆಯದು. ಈ ಫೈಲಿಗಾಗಿಯೇ ಅವರು ಕೂತು ಬರೆದ ವಿವರಣೆ, ಟಿಪ್ಪಣಿ ನಾಲ್ಕನೆಯದು. ಎರಡನೇ ಗುಡ್ಡೆಯಲ್ಲಿ ನೂರನಲವತ್ತಕ್ಕೂ ಮೇಲೆ ಫೋಟೊ ಬಂದವು. ಮೂರನೆಯದರಲ್ಲಿ ಮೂವತ್ತೆಂಟು ಪ್ರಮಾಣಪತ್ರ, ಒಂದೊಂದಕ್ಕೂ ಲ್ಯಾಮಿನೇಷನ್. ಮೊದಲನೆಯದರಲ್ಲಿ ಎರಡು ಪಾಠ ಯೋಜನೆಯ ಪುಸ್ತಕ ಮತ್ತು ಮಕ್ಕಳ ಆರೇ ಆರು ಹಾಳೆ. ಆರೂ ಮುತ್ತಿನಂಥ ಅಕ್ಷರದವು, ಆರರಲ್ಲೂ ಒಂದು ತಪ್ಪಿಲ್ಲ. ನಾಲ್ಕನೇ ಗುಡ್ಡೆ ಬರಲೇ ಇಲ್ಲ. ಫೋಟೊಗಳ ಹಿಂದೆ "ಗಣಿತ ಮೇಳ", "ಪರಿಸರ ದಿನಾಚರಣೆ" ಎಂದು ಬರೆದದ್ದನ್ನು ಬಿಟ್ಟರೆ ಇಡೀ ಮೂರು ಫೈಲಿನಲ್ಲಿ ಅವರ ಮಾತು ಒಂದು ಸಾಲೂ ಇರಲಿಲ್ಲ.

ಶಿಕ್ಷಕರ ಪೋರ್ಟ್‌ಫೋಲಿಯೊ ಎಂಬುದನ್ನು 1980ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಲೀ ಶುಲ್ಮನ್ ಮತ್ತವರ ಜೊತೆಗಾರರು ಪ್ರಯೋಗ ಮಾಡಿ ನೋಡಿದ್ದರು. ಅದರಲ್ಲಿ ಅಡಗಿರುವ ಅಪಾಯಗಳನ್ನು ಶುಲ್ಮನ್ ಆಮೇಲೆ ಪಟ್ಟಿ ಮಾಡಿದರು. ಅವುಗಳಲ್ಲಿ ಒಂದರ ಹೆಸರೇ ಲ್ಯಾಮಿನೇಷನ್: ಒಳಗಿನ ಹೂರಣಕ್ಕಿಂತ ಹೊರಗಿನ ಹೊಳಪೇ ಹೆಚ್ಚಾಗುವುದು. ನಮ್ಮ ಜಮಖಾನದ ಮೇಲೆ ಅದು ಅಕ್ಷರಶಃ ಮಿಂಚುತ್ತಿತ್ತು.

ಗಣಿತ ಮೇಳದ ಒಂದು ಫೋಟೊ ಎತ್ತಿಕೊಂಡು ಕೇಳಿದೆ: "ಈ ದಿನ ನಿಮಗೆ ಏನು ಹೊಸದಾಗಿ ಗೊತ್ತಾಯ್ತು ಮೇಡಂ?" ಸ್ವಲ್ಪ ಹೊತ್ತು ನೋಡಿ, "ಗೊತ್ತಾಗೋದೇನು ಸರ್, ಊಟಕ್ಕೆ ಸಾರು ಸಾಲಲಿಲ್ಲ ಅಷ್ಟೇ," ಎಂದು ನಕ್ಕರು. ಆ ವರ್ಷ ಅರ್ಜಿ ಹಾಕುವುದು ಬೇಡ ಎಂದು ಅವರೇ ತೀರ್ಮಾನಿಸಿದ್ದು ಆಗ. ಹದಿನಾಲ್ಕು ವರ್ಷ ಪಾಠ ಮಾಡಿದ್ದಕ್ಕೆ ಸಾಕ್ಷಿ ಬೇಕಾದಷ್ಟಿತ್ತು. ಆ ಹದಿನಾಲ್ಕು ವರ್ಷದಲ್ಲಿ ಪಾಠ ಮಾಡುವ ರೀತಿ ಎಲ್ಲಿ ಬದಲಾಯಿತು, ಯಾಕೆ ಬದಲಾಯಿತು ಎಂಬುದಕ್ಕೆ ಒಂದು ಚೂರೂ ಇರಲಿಲ್ಲ. ಈಗ ಕೂತು ಅದನ್ನು ಹುಟ್ಟಿಸುವುದಕ್ಕೂ ಆಗುವುದಿಲ್ಲ. ತಪ್ಪು ಇದ್ದ ಹಾಳೆಗಳೆಲ್ಲ ಆಯಾ ವರ್ಷವೇ ರದ್ದಿಗೆ ಹೋಗಿದ್ದವು.

ಬರುವ ವರ್ಷಕ್ಕೆ ಒಂದೇ ಒಂದು ಕಟ್ಟಳೆ ಹಾಕಿಕೊಂಡೆವು. ಐದನೇ ತರಗತಿಯ ಗಣಿತದಲ್ಲಿ ತಾರೀಖು ಇರುವ ಯಾವ ಕಾಗದವನ್ನೂ ಬಿಸಾಡುವ ಹಾಗಿಲ್ಲ, ತಿದ್ದಿ ಅಂದವಾಗಿ ಮತ್ತೆ ಬರೆಯುವ ಹಾಗೂ ಇಲ್ಲ. ಎಲ್ಲವೂ ಒಂದು ರಟ್ಟಿನ ಡಬ್ಬಕ್ಕೆ. ಆರಿಸುವ ಕೆಲಸ ಮಾರ್ಚಿನಲ್ಲಿ.

ಜೂನ್‌ನಲ್ಲಿ ಸೇತುಬಂಧ, ಅಂದರೆ ಹಿಂದಿನ ತರಗತಿಯ ಕಲಿಕೆಯನ್ನು ಪರೀಕ್ಷಿಸಿ ಕೊರತೆ ತುಂಬುವ ಕಾರ್ಯಕ್ರಮ ಶುರುವಾಯಿತು. ಪೂರ್ವ ಪರೀಕ್ಷೆಯಲ್ಲಿ ಕಳೆಯುವ ಲೆಕ್ಕಕ್ಕೆ ಅವರು ಕೊಟ್ಟದ್ದು 503ರಲ್ಲಿ 287 ಕಳೆಯಿರಿ ಎಂದು. ಉತ್ತರ 216. ತರಗತಿಯ 26 ಮಕ್ಕಳಲ್ಲಿ ಸರಿ ಮಾಡಿದವರು 7. ಸುತ್ತೋಲೆಯಂತೆ ಕ್ರೋಡೀಕರಣ ಹಾಳೆ ತುಂಬಿದರು, "19 ಮಕ್ಕಳಿಗೆ ಪರಿಹಾರ ಬೋಧನೆ ಅಗತ್ಯ" ಎಂದು ಬರೆದರು, ನಾಲ್ಕು ದಿನ ಬೋರ್ಡಿನ ಮೇಲೆ ದಶಕ ಸಹಿತ ವ್ಯವಕಲನವನ್ನು, ಅಂದರೆ ಪಕ್ಕದ ಮನೆಯಿಂದ ಸಾಲ ತಂದು ಕಳೆಯುವುದನ್ನು ಮತ್ತೆ ಹೇಳಿಕೊಟ್ಟರು. ಜುಲೈ ಮೊದಲ ವಾರದ ಸಾಫಲ್ಯ ಪರೀಕ್ಷೆಯಲ್ಲಿ ಅದೇ ಥರದ ಲೆಕ್ಕ, 604ರಲ್ಲಿ 358. ಈ ಸಲ ಸರಿ ಮಾಡಿದವರು 11. ನಾಲ್ಕು ಮಕ್ಕಳು ಸುಧಾರಿಸಿದರು ಎಂದು ಬರೆದು ಮುಂದಿನ ಪಾಠಕ್ಕೆ ಹೋದರು. ನಮ್ಮ ಕ್ಲಸ್ಟರಿನ ಎಲ್ಲ ಶಾಲೆಗಳಲ್ಲೂ ಆ ವಾರ ನಡೆದದ್ದು ಇದೇ.

ಜುಲೈ ಕೊನೆಗೆ ನಾನು ಶಾಲಾ ಭೇಟಿಗೆ ಹೋದಾಗ ಡಬ್ಬ ತೆಗೆದು ಆ ಉತ್ತರ ಪತ್ರಿಕೆಗಳನ್ನು ಒಂದರ ಪಕ್ಕ ಒಂದು ಬೆಂಚಿನ ಮೇಲೆ ಹರಡಿದೆ. ಜೂನ್ ಹಾಳೆಗಳಲ್ಲಿ ಒಂದು ಸಂಖ್ಯೆ ಮತ್ತೆ ಮತ್ತೆ ಕಣ್ಣಿಗೆ ಬಿತ್ತು: 384. ಎಣಿಸಿದರೆ ಹನ್ನೊಂದು ಮಕ್ಕಳು ಅದನ್ನೇ ಬರೆದಿದ್ದರು. "ಅದು ನನಗೂ ಗೊತ್ತು ಸರ್, ನಕಲು ಹೊಡೆದಿದಾರೆ," ಎಂದರು ಮೇಡಂ. "ಅದಕ್ಕೇ ಸಾಫಲ್ಯ ಪರೀಕ್ಷೇಲಿ ದೂರ ದೂರ ಕೂರಿಸ್ದೆ."

ಹನ್ನೊಂದರಲ್ಲಿ ಇಬ್ಬರು ಪರೀಕ್ಷೆಯ ದಿನ ಗೈರಾಗಿ ಮಾರನೇ ದಿನ ಬರೆದವರು. ಅದನ್ನು ತೋರಿಸಿದಾಗ ಮೇಡಂ ಸುಮ್ಮನಾದರು. ಹೊರಗೆ ಆಡುತ್ತಿದ್ದ ಒಬ್ಬ ಹುಡುಗಿಯನ್ನು ಕರೆದು, ಲೆಕ್ಕವನ್ನು ಬಾಯಲ್ಲಿ ಹೇಳುತ್ತಾ ಮಾಡು ಎಂದೆವು. ಅವಳು ಒಂದು ಚೂರೂ ತಡವರಿಸಲಿಲ್ಲ: "ಮೂರರಲ್ಲಿ ಏಳು ಹೋಗಲ್ಲ. ಅದಕ್ಕೆ ಏಳರಲ್ಲಿ ಮೂರು ತೆಗೆದೆ, ನಾಲ್ಕು. ಸೊನ್ನೇಲಿ ಎಂಟು ಹೋಗಲ್ಲ, ಎಂಟರಲ್ಲಿ ಸೊನ್ನೆ ತೆಗೆದ್ರೆ ಎಂಟು. ಐದರಲ್ಲಿ ಎರಡು ಹೋದ್ರೆ ಮೂರು." ಹುಡುಗಿಗೆ ನಿಯಮ ಬಾರದೆ ಇರಲಿಲ್ಲ. ಅವಳ ಹತ್ತಿರ ಬೇರೊಂದು ನಿಯಮ ಇತ್ತು, ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು: ಪ್ರತಿ ಮನೆಯಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆ.

ಉಳಿದ ತಪ್ಪುಗಳನ್ನೂ ಹಾಗೇ ಬಿಡಿಸಿದೆವು. ನಾಲ್ಕು ಮಕ್ಕಳು 286 ಬರೆದಿದ್ದರು. ಇವರು ಬಿಡಿ ಸ್ಥಾನಕ್ಕೆ ಹತ್ತು ಬೇಕೆಂದು ನೇರ ನೂರರ ಮನೆಗೇ ಹೋಗಿ ಐದನ್ನು ನಾಲ್ಕು ಮಾಡಿದ್ದಾರೆ. ನಡುವಿನ ಸೊನ್ನೆಯನ್ನು ಮುಟ್ಟಿಲ್ಲ, ಅಲ್ಲಿ ಹಳೇ ಅಭ್ಯಾಸದಂತೆ ಎಂಟನ್ನೇ ಬರೆದಿದ್ದಾರೆ. ಇಬ್ಬರು 316 ಬರೆದಿದ್ದರು. ಸೊನ್ನೆ ಒಂಬತ್ತಾಗುತ್ತದೆ ಎಂಬುದು ಅವರಿಗೆ ನೆನಪಿದೆ, ಆದರೆ ಅದಕ್ಕೆ ನೂರರ ಮನೆಯಿಂದ ಒಂದು ಹೋಗಬೇಕೆಂಬುದು ಗೊತ್ತಿಲ್ಲ, ಐದು ಐದಾಗಿಯೇ ಉಳಿದಿದೆ. ಇನ್ನಿಬ್ಬರದು ಖಾಲಿ.

ಇದೇ ಕಣ್ಣಿನಿಂದ ಜುಲೈ ಹಾಳೆಗಳನ್ನು ನೋಡಿದರೆ ಅಲ್ಲಿ ಬೇರೆಯೇ ಕಥೆ. 604ರಲ್ಲಿ 358 ಕಳೆದರೆ 246. ದೊಡ್ಡದರಿಂದ ಚಿಕ್ಕದನ್ನು ಕಳೆಯುವವರಿಗೆ 354 ಬರಬೇಕು. ಅಂಥವರು ಹನ್ನೊಂದರಿಂದ ಮೂರಕ್ಕೆ ಇಳಿದಿದ್ದರು. ಸೊನ್ನೆಯನ್ನು ದಾಟಿ ಹೋಗುವವರಿಗೆ 256 ಬರಬೇಕು. ಅವರು ನಾಲ್ಕರಿಂದ ಏಳಾಗಿದ್ದರು. ಬರೀ ಒಂಬತ್ತು ಬರೆಯುವವರಿಗೆ 346. ಅವರು ಎರಡರಿಂದ ಐದು. ಬೋರ್ಡಿನ ಮೇಲಿನ ನಾಲ್ಕು ದಿನದ ಪಾಠ ಏನೂ ಮಾಡಿಲ್ಲ ಎನ್ನುವ ಹಾಗಿರಲಿಲ್ಲ. ಅದು ಒಂದು ತಪ್ಪನ್ನು ಒಡೆದು ಅದರ ಜಾಗಕ್ಕೆ ಎರಡನ್ನು ಬೆಳೆಸಿತ್ತು. "ಪಕ್ಕದ ಮನೆಯಿಂದ ಸಾಲ ತಗೋ, ಸೊನ್ನೆ ಇದ್ರೆ ಒಂಬತ್ತು ಮಾಡು" ಎಂದು ಮೇಡಂ ಹೇಳಿದ ಮಾತಿನ ಒಂದೊಂದು ತುಂಡು ಒಂದೊಂದು ಮಗುವಿನ ಹಾಳೆಯಲ್ಲಿ ಕಾಣುತ್ತಿತ್ತು. ಅಂಕಪಟ್ಟಿಯಲ್ಲಿ ಮಾತ್ರ ಏಳು ಹೋಗಿ ಹನ್ನೊಂದಾಯಿತು, ಅಷ್ಟೇ.

ಅವತ್ತು ಸಂಜೆ ಅವರು ತಮ್ಮ ದಿನಚರಿಯಲ್ಲಿ ಪೆನ್ಸಿಲಿನಲ್ಲಿ ಗೀಚಿದ ಅರ್ಧ ಪುಟ ಇಡೀ ಕೃತಿಸಂಪುಟಕ್ಕೆ ತಳಪಾಯವಾಯಿತು. ಅದರಲ್ಲಿ ಎರಡು ಸಾಲು ಹೀಗಿದ್ದವು: "11 ಮಕ್ಕಳನ್ನು ಕಳ್ಳರು ಅಂದುಕೊಂಡೆ. ತಪ್ಪು ಉತ್ತರವನ್ನು ನಾನು ಇವತ್ತಿನವರೆಗೆ ಓದಿಯೇ ಇಲ್ಲ, ಗೀಟು ಹೊಡೆದಿದ್ದೇನೆ ಅಷ್ಟೇ."

ಆಗಸ್ಟ್‌ನಲ್ಲಿ ಕಡ್ಡಿ ಕಟ್ಟಿನ ಪಾಠ. ಯೋಜನೆ ನೋಡಲು ಚೆನ್ನಾಗಿತ್ತು: ಐದು ಗುಂಪು, ಪ್ರತಿ ಗುಂಪಿಗೂ ನೂರರ ಐದು ಕಟ್ಟು ಮತ್ತು ಮೂರು ಬಿಡಿ ಕಡ್ಡಿ, 503ರಿಂದ 287 ತೆಗೆಯಬೇಕು. ಒಂದು ಗುಂಪಿಗೆ 503 ಎಂದರೆ ಐದು ಗುಂಪಿಗೆ 2,515 ಬೆಂಕಿಕಡ್ಡಿ ಎಂದು ಬರೆಯುವಾಗ ಯಾರೂ ಲೆಕ್ಕ ಹಾಕಿರಲಿಲ್ಲ. ಸಿಕ್ಕಿದ್ದು ಸುಮಾರು ಒಂಬೈನೂರು. ಹತ್ತತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕುವುದರಲ್ಲೇ ನಲವತ್ತು ನಿಮಿಷ ಮುಗಿಯಿತು. ಕಳೆಯುವ ಲೆಕ್ಕ ಶುರುವಾಗುವ ಮುಂಚೆ ಬೆಲ್ಲು. ಒಂದು ಗುಂಪು ಕಡ್ಡಿಗಳಿಂದ ಮನೆ ಕಟ್ಟಿತ್ತು. ಮೇಡಂ ಯೋಜನೆಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದರು: "ಪಾಠ ಕೆಟ್ಟಿತು. ಎಣಿಸಿದ್ದೇ ಆಯಿತು. ನೂರನ್ನು ಬಿಚ್ಚುವುದು ಮುಖ್ಯ, ಎಣಿಸುವುದಲ್ಲ."

ಎರಡು ದಿನ ಬಿಟ್ಟು ಮಾಡಿದ ಎರಡನೇ ಯೋಜನೆ ಆ ಅಂಚಿನ ಮಾತಿನಿಂದಲೇ ಹುಟ್ಟಿದ್ದು. ಮೊದಲು 52ರಲ್ಲಿ 27, ಕಡ್ಡಿಯಲ್ಲಿ. ಕಟ್ಟುಗಳನ್ನು ಮೇಡಂ ಹಿಂದಿನ ದಿನವೇ ಕಟ್ಟಿಟ್ಟಿದ್ದರು. ಎರಡು ಬಿಡಿಯಿಂದ ಏಳು ಕೊಡಲಾಗದು, ಒಂದು ಕಟ್ಟು ಬಿಚ್ಚಲೇಬೇಕು. ಹತ್ತರ ಕಟ್ಟು ಐದಿದ್ದದ್ದು ನಾಲ್ಕಾಗುತ್ತದೆ, ಬಿಡಿ ಹನ್ನೆರಡಾಗುತ್ತದೆ. ಇದು ಬಂದ ಮೇಲೆ 503ಕ್ಕೆ ಕಡ್ಡಿ ಬಿಟ್ಟು ಕಾಗದದ ನೋಟು: ನೂರರ ಐದು ನೋಟು, ರೂಪಾಯಿಯ ಮೂರು ಬಿಲ್ಲೆ. ಒಬ್ಬ ಹುಡುಗ ಅಂಗಡಿಯವನಾಗಿ ಕೂತ. 287 ಕೊಡಬೇಕಾದವರು ಅವನ ಹತ್ತಿರ ಹೋಗಿ ನೂರಕ್ಕೆ ಚಿಲ್ಲರೆ ಕೇಳಬೇಕು. ಅವನು ಹತ್ತರ ಹತ್ತು ನೋಟು ಕೊಡುತ್ತಾನೆ. ಅದರಲ್ಲಿ ಒಂದಕ್ಕೆ ಮತ್ತೆ ಚಿಲ್ಲರೆ ಕೇಳಬೇಕು. ಆಗ ಕೈಯಲ್ಲಿ ನೂರರ ನಾಲ್ಕು, ಹತ್ತರ ಒಂಬತ್ತು, ಬಿಲ್ಲೆ ಹದಿಮೂರು. ಸೊನ್ನೆ ಒಂಬತ್ತಾದದ್ದು ಹೇಗೆ ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. 316 ಬರೆಯುತ್ತಿದ್ದ ಹುಡುಗ ತನ್ನ ಕೈಯ ನೋಟು ಎಣಿಸಿ, "ಮಿಸ್, ನೂರು ಕೊಟ್ಟೇ ಒಂಬತ್ತು ಬಂದಿದ್ದು, ಐದು ಹೆಂಗೆ ಇರತ್ತೆ?" ಎಂದ.

ನವೆಂಬರಿನ ಕಿರು ಪರೀಕ್ಷೆಯಲ್ಲಿ 702ರಲ್ಲಿ 465, ಉತ್ತರ 237. ಸರಿ 19. ಸೊನ್ನೆ ದಾಟಿದವರು (267) ನಾಲ್ವರು, ಬರೀ ಒಂಬತ್ತು ಬರೆದವರು (337) ಇಬ್ಬರು, ಹಳೇ ನಿಯಮದವನು (363) ಒಬ್ಬ. ಈ ಪ್ರಶ್ನೆಯನ್ನು ಅವರು ಬೇಕೆಂದೇ ಹೀಗೆ ಮಾಡಿದ್ದರು. ಯಾವ ತಪ್ಪಿಗೆ ಯಾವ ಉತ್ತರ ಬರುತ್ತದೆ ಎಂದು ಮೊದಲೇ ತಾವು ಬಿಡಿಸಿ ನೋಡಿ, ಮೂರೂ ಬೇರೆ ಬೇರೆಯಾಗುವಂಥ ಅಂಕಿಗಳನ್ನು ಆರಿಸಿದ್ದರು. ಜೂನ್‌ನಲ್ಲಿ ಅದು ಅಕಸ್ಮಾತ್ ಆಗಿತ್ತು.

ಮಾರ್ಚಿನಲ್ಲಿ ಡಬ್ಬ ತುಂಬಿ ಮುಚ್ಚಳ ಕೂರುತ್ತಿರಲಿಲ್ಲ. ಮತ್ತೆ ಜಮಖಾನ ಹಾಸಿದೆವು. ಈ ಸಲ ಕಷ್ಟ ಬೇರೆ. ವಸ್ತು ಬೇಕಾದಷ್ಟಿದೆ, ಯಾವುದನ್ನು ಬಿಡುವುದು? ಇಡೀ ವರ್ಷದಲ್ಲಿ ಅವರು ಭಿನ್ನರಾಶಿ ಮಾಡಿದ್ದರು, ಮಳೆನೀರು ಕೊಯ್ಲು ತೋರಿಸಿದ್ದರು, ಗೋಡೆಪತ್ರಿಕೆ ತಂದಿದ್ದರು. ಎಲ್ಲದಕ್ಕೂ ಒಂದೊಂದು ಪುಟ ಕೊಟ್ಟರೆ ಮತ್ತೆ ಮೂರು ಫೈಲೇ ಆಗುತ್ತದೆ. ಆರಿಸುವುದಕ್ಕೆ ಒಂದು ಪ್ರಶ್ನೆ ಬೇಕು. ಅದು ಆ ಪೆನ್ಸಿಲ್ ಪುಟದಲ್ಲೇ ಇತ್ತು: ತಪ್ಪು ಉತ್ತರವನ್ನು ಓದುವುದನ್ನು ನಾನು ಹೇಗೆ ಕಲಿತೆ? ಈ ಪ್ರಶ್ನೆಗೆ ಸಂಬಂಧ ಇಲ್ಲದ್ದು ಎಷ್ಟು ಚೆನ್ನಾಗಿದ್ದರೂ ಹೊರಗೆ. ಮಳೆನೀರು ಕೊಯ್ಲು ಬಿಡುವಾಗ ಮೇಡಂಗೆ ನಿಜಕ್ಕೂ ಹೊಟ್ಟೆ ಉರಿಯಿತು. ಅದು ಅವರ ವರ್ಷದ ಅತ್ಯುತ್ತಮ ಪಾಠ ಎಂದು ನನಗೂ ಅನಿಸುತ್ತದೆ.

ಕೊನೆಗೆ ಉಳಿದವು ಹನ್ನೊಂದು. ಮೊದಲಿಗೆ ತರಗತಿಯ ಪರಿಚಯದ ಒಂದು ಪುಟ: ಎಷ್ಟು ಮಕ್ಕಳು, ಎಷ್ಟು ಜನ ಕೆಳಗಿನ ತರಗತಿಗಳ ನಲಿ-ಕಲಿಯಿಂದ ಇದೇ ಶಾಲೆಯಲ್ಲಿ ಬಂದವರು, ವಾರಕ್ಕೆ ಎಷ್ಟು ಗಣಿತದ ಅವಧಿ. ಆಮೇಲೆ 384, 286, 316 ಬರೆದ ಮೂರು ಉತ್ತರ ಪತ್ರಿಕೆ ಒಟ್ಟಿಗೆ, ಜೂನಿನ ಕ್ರೋಡೀಕರಣ ಹಾಳೆ, ಜುಲೈನದು, ಹುಡುಗಿ ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡ ಚೀಟಿ, ಪೆನ್ಸಿಲ್ ಪುಟ, ಕೆಟ್ಟ ಪಾಠದ ಯೋಜನೆ, ಎರಡನೇ ಯೋಜನೆ, ಒಂದು ಫೋಟೊ, ನವೆಂಬರ್ ಪ್ರಶ್ನೆಪತ್ರಿಕೆಯನ್ನು ತಯಾರಿಸುವಾಗ ಅಂಕಿ ಹೊಂದಿಸಿದ ಕಚ್ಚಾ ಹಾಳೆ, ಫೆಬ್ರವರಿಯ ಹಾಳೆ. ಮೂವತ್ತೆಂಟು ಪ್ರಮಾಣಪತ್ರದಲ್ಲಿ ಒಂದೂ ಒಳಗೆ ಬರಲಿಲ್ಲ. ಅವುಗಳ ಪಟ್ಟಿಯನ್ನು ಕೊನೆಗೆ ಅರ್ಧ ಪುಟದಲ್ಲಿ ಹಾಕಿದೆವು. ಪ್ರಶಸ್ತಿಯ ಅರ್ಜಿಗೆ ಅವು ಬೇಕಾಗಬಹುದು, ಈ ಕಥೆಗೆ ಬೇಕಿಲ್ಲ.

ಫೋಟೊ ಒಂದೇ ಯಾಕೆ ಎಂದರೆ, ಉಳಿದ ಫೋಟೊಗಳೆಲ್ಲ ಕ್ಯಾಮೆರಾ ನೋಡಿ ನಗುವ ಮಕ್ಕಳವು. ಇದರಲ್ಲಿ ಎರಡು ಪುಟ್ಟ ಕೈ ಮಾತ್ರ ಇವೆ, ಹತ್ತರ ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚುತ್ತಿವೆ, ಪಕ್ಕದಲ್ಲಿ ನೋಟ್‌ಬುಕ್ಕಿನಲ್ಲಿ ಐದನ್ನು ಹೊಡೆದು ನಾಲ್ಕು ಬರೆದದ್ದು ಕಾಣುತ್ತದೆ. ಮುಖ ಇಲ್ಲದ್ದರಿಂದ ಇನ್ನೊಂದು ತಲೆನೋವೂ ತಪ್ಪಿತು. ಮಕ್ಕಳ ಹಾಳೆಗಳ ಮೇಲಿನ ಹೆಸರು, ಹಾಜರಿ ಸಂಖ್ಯೆಯ ಮೇಲೆ ಬಿಳಿ ಕಾಗದ ಅಂಟಿಸಿ ಝೆರಾಕ್ಸ್ ಮಾಡಿಸಿದೆವು. ಒಂದು ಮಗುವಿನ ತಪ್ಪು ಉತ್ತರ ಯಾವುದೋ ಪೋರ್ಟಲಿನಲ್ಲಿ ಹೆಸರಿನ ಸಮೇತ ಕೂರಬಾರದು. ಹಾಳೆ ಬಳಸುವುದಕ್ಕೆ ಪೋಷಕರ ಸಹಿಯನ್ನು ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯ ಸಭೆಯ ದಿನವೇ ತೆಗೆದುಕೊಂಡದ್ದು ಒಳ್ಳೆಯದಾಯಿತು. ಆಮೇಲೆ ಮನೆಮನೆ ತಿರುಗುವುದಾಗುತ್ತಿತ್ತು.

ಅತಿ ಹೆಚ್ಚು ಹೊತ್ತು ತೆಗೆದುಕೊಂಡದ್ದು ಪ್ರತಿ ವಸ್ತುವಿನ ಜೊತೆಗಿಡುವ ಚೀಟಿ. ಏಳೆಂಟು ಸಾಲು, ಅಷ್ಟೇ. ಆದರೆ ಅದಿಲ್ಲದಿದ್ದರೆ ಓದುವವರಿಗೆ 384 ಒಂದು ತಪ್ಪು ಉತ್ತರ ಮಾತ್ರ. ಎರಡನೇ ಯೋಜನೆಗೆ ಮೇಡಂ ಮೊದಲು ಬರೆದ ಚೀಟಿ: "ಚಟುವಟಿಕೆ ಆಧಾರಿತ ಬೋಧನೆಯಿಂದ ಮಕ್ಕಳು ಸಂತಸದಾಯಕವಾಗಿ ವ್ಯವಕಲನದ ಪರಿಕಲ್ಪನೆಯನ್ನು ಕಟ್ಟಿಕೊಂಡರು." ಈ ವಾಕ್ಯವನ್ನು ಕಿತ್ತು ರಾಜ್ಯದ ಯಾವ ಶಾಲೆಯ ಯಾವ ಫೋಟೊದ ಕೆಳಗೆ ಅಂಟಿಸಿದರೂ ಹೊಂದುತ್ತದೆ. ತರಬೇತಿಯ ಭಾಷೆ ನಮ್ಮ ಬಾಯಲ್ಲಿ ಅಷ್ಟು ಕೂತುಬಿಟ್ಟಿದೆ, ನನ್ನ ಭೇಟಿ ವರದಿಗಳೂ ಇದಕ್ಕಿಂತ ಭಿನ್ನವಲ್ಲ. ಪೆನ್ನು ಕೆಳಗಿಟ್ಟು ಬಾಯಲ್ಲಿ ಹೇಳಿ ಎಂದೆ. ಅವರು ಹೇಳಿದ್ದನ್ನು ನಾನು ಬರೆದುಕೊಂಡೆ. ತಿದ್ದಿದ ಮೇಲೆ ಅದು ಹೀಗಾಯಿತು: "ಆಗಸ್ಟ್‌ನ ಎರಡನೇ ಯೋಜನೆ. ಮೊದಲನೆಯದರಲ್ಲಿ ಕಡ್ಡಿ ಎಣಿಸುವುದರಲ್ಲಿ ಅವಧಿ ಮುಗಿದಿತ್ತು. ಇದರಲ್ಲಿ ಕಟ್ಟುಗಳನ್ನು ನಾನೇ ತಯಾರಿಸಿಟ್ಟೆ, ನೂರಕ್ಕೆ ಕಡ್ಡಿಯ ಬದಲು ನೋಟು ಬಳಸಿದೆ. ಸೊನ್ನೆ ದಾಟುವವರಲ್ಲಿ ನಾಲ್ಕು ಮಕ್ಕಳನ್ನು ಬೇಕೆಂದೇ ಒಂದೇ ಗುಂಪಿಗೆ ಹಾಕಿದೆ, ಅದು ಸರಿಯಾಗಲಿಲ್ಲ. ನಾಲ್ವರೂ ಒಂದೇ ತಪ್ಪು ಮಾಡಿ ಒಬ್ಬರಿಗೊಬ್ಬರು ಸರಿ ಎಂದುಕೊಂಡರು. ಮುಂದಿನ ಸಲ ಬೇರೆ ಬೇರೆ ತಪ್ಪಿನವರನ್ನು ಸೇರಿಸಬೇಕು." ಇದನ್ನು ಇನ್ನೊಂದು ತರಗತಿಯ ಫೋಟೊದ ಕೆಳಗೆ ಅಂಟಿಸಲಾಗದು. ಚೀಟಿ ಚೆನ್ನಾಗಿದೆಯೋ ಇಲ್ಲವೋ ನೋಡಲು ನಾವು ಆಮೇಲೆ ಇದೊಂದೇ ಪರೀಕ್ಷೆ ಇಟ್ಟುಕೊಂಡೆವು.

ಚೀಟಿಗಳೆಲ್ಲ ಮುಗಿದ ಮೇಲೆ ಅವನ್ನು ಪೋಣಿಸುವ ನಿರೂಪಣೆ, ಮೂರು ಪುಟ. ಮೊದಲ ಕರಡನ್ನು ಮೇಡಂ ಒಂದೇ ರಾತ್ರಿಯಲ್ಲಿ ಬರೆದು ತಂದರು. ಓದಿದರೆ ಹಬ್ಬದ ಕಥೆ: ಜೂನಿನಲ್ಲಿ ಏಳು ಮಕ್ಕಳಿಗೆ ಬರುತ್ತಿತ್ತು, ನಾನು ಚಟುವಟಿಕೆ ಮಾಡಿಸಿದೆ, ನವೆಂಬರಿನಲ್ಲಿ ಹತ್ತೊಂಬತ್ತು ಮಕ್ಕಳಿಗೆ ಬಂತು. ಇದರಲ್ಲಿ ಎರಡು ತೊಡಕಿತ್ತು. ಮೊದಲನೆಯದು, ಇದು ಮಕ್ಕಳ ಬೆಳವಣಿಗೆ. ಕೃತಿಸಂಪುಟ ಯಾರದೋ ಅವರ ಬೆಳವಣಿಗೆ ಎಲ್ಲಿ? ಆ ಮೂರು ಪುಟದಲ್ಲಿ ಮೇಡಂ ಮೊದಲಿಂದ ಕೊನೆಯವರೆಗೆ ಒಂದೇ ಥರ ಇದ್ದರು, ಎಲ್ಲ ಗೊತ್ತಿದ್ದವರ ಹಾಗೆ. ಎರಡನೆಯದು, ಏಳು ಹೋಗಿ ಹತ್ತೊಂಬತ್ತಾದದ್ದು ಅವರ ಪಾಠದಿಂದಲೇ ಎಂದು ಹೇಗೆ ಹೇಳುವುದು? ಐದು ತಿಂಗಳು ಕಳೆದಿವೆ, ಮಕ್ಕಳು ದೊಡ್ಡವರಾಗಿದ್ದಾರೆ, ಇಬ್ಬರಿಗೆ ಮನೆಪಾಠ ಇತ್ತು. ಹೋಲಿಸಿ ನೋಡುವುದಕ್ಕೆ ಇನ್ನೊಂದು ತರಗತಿ ಇರಲಿಲ್ಲ. ಇಂಥ ಸಂಪುಟದಿಂದ ಅದನ್ನು ಸಾಬೀತು ಮಾಡಲಾಗದು, ಮಾಡಿದ್ದೇವೆ ಎಂದರೆ ಬಲ್ಲವರು ಮೊದಲು ಹಿಡಿಯುವುದೇ ಅದನ್ನು.

ಎರಡನೇ ಕರಡು ನಕಲಿನ ಪ್ರಸಂಗದಿಂದ ಶುರುವಾಯಿತು. ಹನ್ನೊಂದು ಮಕ್ಕಳ ಮೇಲೆ ಅನುಮಾನ ಪಟ್ಟದ್ದು, ದೂರ ಕೂರಿಸಿದ್ದು, ಒಬ್ಬ ಹುಡುಗಿಯ ಮಾತು ಕೇಳಿದ್ದು. ಅಲ್ಲಿಂದ ಮುಂದೆ ಕಥೆ ಮಕ್ಕಳ ಅಂಕಗಳನ್ನು ಬಿಟ್ಟು ಮೇಡಂನ ಕೆಂಪು ಪೆನ್ನಿನ ಹಿಂದೆ ಹೋಗುತ್ತದೆ. ಜೂನಿನ ಹಾಳೆಗಳ ಮೇಲೆ ಬರೀ ಗೀಟು. ಸೆಪ್ಟೆಂಬರಿನ ನೋಟ್‌ಬುಕ್ಕುಗಳಲ್ಲಿ ಗೀಟಿನ ಜೊತೆ ಬಾಣದ ಗುರುತು, ತಪ್ಪಿದ ಮನೆಯ ಕಡೆಗೆ. ನವೆಂಬರ್ ಹೊತ್ತಿಗೆ ಪ್ರಶ್ನೆ: "ಈ ಒಂಬತ್ತು ಎಲ್ಲಿಂದ ಬಂತು?" ಇದನ್ನು ಮೇಡಂ ಗಮನಿಸಿಯೇ ಇರಲಿಲ್ಲ. ನೋಟ್‌ಬುಕ್ಕುಗಳನ್ನು ತಾರೀಖಿನ ಪ್ರಕಾರ ಜೋಡಿಸಿದಾಗ ತಾನಾಗಿ ಕಂಡದ್ದು. ಉತ್ತರ ಪತ್ರಿಕೆ, ಯೋಜನೆ, ಪ್ರಶ್ನೆಪತ್ರಿಕೆ ಮೂರರಲ್ಲೂ ಒಂದೇ ಬದಲಾವಣೆ ಒಂದೇ ಕಾಲಕ್ಕೆ ಕಂಡರೆ ಆಗ ಅದನ್ನು ನಂಬಬಹುದು. ಒಂದರಲ್ಲಿ ಮಾತ್ರ ಕಂಡಿದ್ದರೆ ಬರೆಯಲು ನಾನು ಹಿಂಜರಿಯುತ್ತಿದ್ದೆ.

ನಡುವೆ ಒಂದು ಎಡವಟ್ಟು ಆಗುವುದರಲ್ಲಿತ್ತು. ಪೆನ್ಸಿಲ್ ಪುಟ ನೋಡಲು ಚೆನ್ನಾಗಿಲ್ಲ ಎಂದು ಮೇಡಂ ಅದನ್ನು ನೀಲಿ ಶಾಯಿಯಲ್ಲಿ, ಅಂಚು ಬಿಟ್ಟು, ಮತ್ತೆ ಬರೆದು ತಂದಿದ್ದರು. ತಾರೀಖು ಜುಲೈನದೇ. ಮಾತನ್ನೂ ಸ್ವಲ್ಪ ತಿದ್ದಿದ್ದರು: "ಕಳ್ಳರು ಅಂದುಕೊಂಡೆ" ಹೋಗಿ "ಮಕ್ಕಳ ಬಗ್ಗೆ ತಪ್ಪು ತಿಳಿವಳಿಕೆ ಹೊಂದಿದ್ದೆ" ಆಗಿತ್ತು. ಕೆಟ್ಟ ಉದ್ದೇಶ ಇರಲಿಲ್ಲ, ಇನ್ಸ್‌ಪೆಕ್ಷನ್ ಮುಂಚೆ ದಾಖಲೆ ಅಂದಗೊಳಿಸುವುದು ನಮಗೆಲ್ಲ ಅಭ್ಯಾಸ. ಆದರೆ ಮಾರ್ಚಿನಲ್ಲಿ ಬರೆದದ್ದಕ್ಕೆ ಜುಲೈ ತಾರೀಖು ಹಾಕಿದರೆ ಅದು ಸಾಕ್ಷಿಯಾಗಿ ಉಳಿಯುವುದಿಲ್ಲ. ಮೇಲಾಗಿ ಮುಚ್ಚಳಿಕೆಗೆ ಸಹಿ ಹಾಕುವವರು ಅವರು. ಹಳೆಯ ಪುಟವನ್ನೇ, ಅದರ ಮೇಲಿನ ಟೀ ಕಲೆಯ ಸಮೇತ ಸ್ಕ್ಯಾನ್ ಮಾಡಿದೆವು. ಈಗ ಏನನಿಸುತ್ತದೆ ಎಂಬುದನ್ನು ಬೇಕಾದರೆ ಚೀಟಿಯಲ್ಲಿ ಮಾರ್ಚ್ ತಾರೀಖು ಹಾಕಿ ಬರೆಯಿರಿ ಎಂದೆ. ಅವರು ಬರೆದರು: "ಆ ಹುಡುಗಿಗೆ ಇನ್ನೂ ಸಾರಿ ಹೇಳಿಲ್ಲ."

ಎಲ್ಲ ಸೇರಿ ಇಪ್ಪತ್ನಾಲ್ಕು ಪುಟವಾಯಿತು. ಪಿಡಿಎಫ್ ಮಾಡುವ ಮುಂಚೆ ಅದನ್ನು ಗಣಿತ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಟ್ಟೆವು, ಪಕ್ಕದ ಶಾಲೆಯ ಇಂಗ್ಲಿಷ್ ಶಿಕ್ಷಕಿಗೆ. ಎರಡು ಕಡೆ ಅವರು ನಿಂತರು. 286 ಹೇಗೆ ಬಂತು ಎಂಬುದು ಅರ್ಥವಾಗಲಿಲ್ಲ ಎಂದರು. ಚೀಟಿಗೆ ಲೆಕ್ಕದ ಮೂರು ಹಂತವನ್ನು ಸೇರಿಸಿದೆವು. ಇನ್ನೊಂದು, ಜುಲೈಯಿಂದ ಆಗಸ್ಟ್‌ಗೆ ಹೋಗುವಾಗ ಕಡ್ಡಿಯ ಯೋಚನೆ ಎಲ್ಲಿಂದ ಬಂತು ಎಂದು ಕೇಳಿದರು. ಅದು ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಒಬ್ಬ ಹಿರಿಯ ಮೇಷ್ಟ್ರು ಹೇಳಿದ್ದು. ಮೇಡಂ ಅದನ್ನು ಬರೆದಿರಲಿಲ್ಲ, ತಮ್ಮದೇ ಎನ್ನುವ ಹಾಗೆ ಓದಿಸುತ್ತಿತ್ತು. ಒಂದು ಸಾಲು ಸೇರಿತು.

ಕೊನೆಯ ವಸ್ತು ಫೆಬ್ರವರಿಯ ಹಾಳೆ. ಅದನ್ನು ಹಾಕಬೇಕೋ ಬೇಡವೋ ಎಂದು ನಮ್ಮಿಬ್ಬರಲ್ಲಿ ವಾದವಾಯಿತು. ನಾಲ್ಕಂಕಿಯ ಲೆಕ್ಕ, 4003ರಲ್ಲಿ 1286, ಉತ್ತರ 2717. ಅವತ್ತು ಹಾಜರಿದ್ದ 25 ಮಕ್ಕಳಲ್ಲಿ ಸರಿ ಮಾಡಿದವರು 17. ಎರಡು ಸೊನ್ನೆ ಒಟ್ಟಿಗೆ ಬಂದಾಗ ನವೆಂಬರಿನಲ್ಲಿ ಸರಿ ಮಾಡಿದ್ದವರಲ್ಲೂ ಕೆಲವರು ಮತ್ತೆ ಜಾರಿದ್ದರು. ಹತ್ತೊಂಬತ್ತರ ಮೇಲೆ ಮುಗಿಸಿದರೆ ಸಂಪುಟ ಚಂದ ಕಾಣುತ್ತದೆ ಎಂದು, ಹೇಳಲು ನಾಚಿಕೆಯಾಗುತ್ತದೆ, ವಾದಿಸಿದವನು ನಾನು. ಮೇಡಂ ಒಪ್ಪಲಿಲ್ಲ. ಎಂಟು ಮಕ್ಕಳ ತಪ್ಪನ್ನು ವಿಂಗಡಿಸಿ, ಯಾರು ಮೊದಲ ಸೊನ್ನೆಯಲ್ಲಿ ನಿಂತರು, ಯಾರು ಎರಡನೆಯದರಲ್ಲಿ ನಿಂತರು ಎಂದು ಗುರುತು ಹಾಕಿ ಹಾಕಿದರು.

ಮೇ ತಿಂಗಳಲ್ಲಿ ಅದೇ ಶಾಲೆಯ ಆರನೇ ತರಗತಿಯ ಗಣಿತ ಮೇಷ್ಟ್ರು ಸಂಪುಟವನ್ನು ಕೈಗೆತ್ತಿಕೊಂಡು ಸರಸರ ತಿರುಗಿಸಿ ಆ ಕೊನೆಯ ಹಾಳೆಯ ಹತ್ತಿರ ನಿಂತರು. "ಇದ್ರದ್ದು ಹೆಸರಿರೋ ಪ್ರತಿ ಇದೆಯಾ ಮೇಡಂ? ಜೂನ್ ಸೇತುಬಂಧಕ್ಕೆ ಬೇಕಿತ್ತು," ಎಂದರು. ಮೇಡಂ ರಟ್ಟಿನ ಡಬ್ಬ ತೆಗೆದು ಹುಡುಕತೊಡಗಿದರು.